ಕೂದಲಿಗೆ ತಾಗಿದ ಮೊಣಕೈ

ಅಕ್ಕನ ಮಗಳು ಪಾರ್ಕಿನ ಬೆಂಚಿನ ಮೇಲೆ ಕೂತು ನಗುತ್ತಿರುವ ಫೋಟೋ ಅದು. ಅಕ್ಕನಿಗೆ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಫ್ರೇಮ್ ಮಾಡಿಸಬೇಕಿತ್ತು. "ಮುಖ ಎಷ್ಟು ಚೆನ್ನಾಗಿ ಬಂದಿದೆ ನೋಡು. ಸುತ್ತ ಇರೋ ಗಲೀಜೆಲ್ಲ ತೆಗೆದುಕೊಡು" ಅಂದಳು.

ಗಲೀಜು ಅಂದರೆ ಹುಲ್ಲಿನ ಮೇಲೊಂದು ಪ್ಲಾಸ್ಟಿಕ್ ಕವರ್, ಆಕಾಶದಲ್ಲೊಂದು ತಂತಿ, ಹಿಂದಿನ ಕಬ್ಬಿಣದ ಬೇಲಿಯ ಮುಂದೆ ನಡೆದು ಹೋಗುತ್ತಿದ್ದ ಕೆಂಪು ಶರ್ಟಿನ ಮನುಷ್ಯ. ಜೊತೆಗೆ, ಪಕ್ಕದಲ್ಲಿ ಕೂತಿದ್ದ ಯಾರದೋ ಮೊಣಕೈ, ಹುಡುಗಿಯ ಕೂದಲಿಗೆ ತಾಗಿಕೊಂಡೇ.

ವಾಟ್ಸಾಪಿನಲ್ಲಿ ಬಂದಿದ್ದ ಕಾಪಿ ಬೇಡ ಅಂತ ಅಕ್ಕನ ಫೋನಿನಲ್ಲಿದ್ದ ಮೂಲ ಫೋಟೋವನ್ನೇ ತೆಗೆದುಕೊಂಡೆ. ಕುಗ್ಗಿಸಿ ಕಳಿಸಿದ ಫೋಟೋದಲ್ಲಿ ಸಣ್ಣ ವಿವರ ಮೊದಲೇ ಕಳೆದುಹೋಗಿರುತ್ತದೆ. ಅಳಿಸಿದ ಜಾಗ ತುಂಬಿಸಲು ಫೋನಿಗೆ ಸರಿಯಾದ ಸಾಮಾನೇ ಸಿಗುವುದಿಲ್ಲ.

ಅಳಿಸಲು ಬಳಸಿದ್ದು ಮ್ಯಾಜಿಕ್ ಇರೇಸರ್, ಬೇಡದ್ದರ ಮೇಲೆ ಬೆರಳಾಡಿಸಿದರೆ ಅದನ್ನು ಫೋಟೋದಿಂದ ಅಳಿಸುವ ಸಾಧನ. 2021ರಲ್ಲಿ ಗೂಗಲ್‌ನ ಪಿಕ್ಸೆಲ್ 6 ಫೋನಿನ ಜೊತೆ ಬಂದ ಇದರ ತರಹದ್ದು ಈಗ ಬೇರೆ ಬೇರೆ ಹೆಸರಿನಲ್ಲಿ ಬಹಳಷ್ಟು ಫೋನ್‌ಗಳಲ್ಲಿದೆ. ಅದು ಮಾಡುವುದು ಊಹೆ, ಅಷ್ಟೇ. ಕವರಿನ ಕೆಳಗೆ ಏನಿತ್ತು ಅಂತ ಅದಕ್ಕೆ ಗೊತ್ತಿಲ್ಲ. ಸುತ್ತ ಇರುವುದನ್ನು ನೋಡಿ, ಇಲ್ಲೂ ಹೀಗೇ ಇರಬಹುದು ಅಂತ ಬರೆಯುತ್ತದೆ. ಹುಲ್ಲಿಗೆ ಲೆಕ್ಕಾಚಾರ ಇಲ್ಲ ನೋಡಿ, ಹಾಗಾಗಿ ಕವರ್ ಒಂದೇ ಸಲಕ್ಕೆ ಹೋಯಿತು. ಅದರ ನೆರಳನ್ನೂ ಸೇರಿಸಿ ಸುತ್ತು ಹಾಕಿದ್ದೆ. ನೆರಳು ಮಾತ್ರ ಉಳಿದರೆ ದೆವ್ವ ಕೂತಂತೆ ಕಾಣುತ್ತದೆ.

ತಂತಿಗೆ ಸ್ವಲ್ಪ ತಾಳ್ಮೆ ಬೇಕಾಯಿತು. ಜೂಮ್ ಮಾಡಿಕೊಂಡು, ತಂತಿಯಷ್ಟೇ ದಪ್ಪಕ್ಕೆ ಬೆರಳಾಡಿಸಿ, ತುಂಡು ತುಂಡಾಗಿ ಅಳಿಸಿದೆ. ಬರೀ ಆಕಾಶದ ಭಾಗ ಮೊದಲು. ಮರದ ಎಲೆಗೆ ತಾಗುವ ಜಾಗವನ್ನು ಬೇರೆಯಾಗಿ, ಚಿಕ್ಕದಾಗಿ. ಒಟ್ಟಿಗೆ ಗೀಚಿದ್ದರೆ ಎಲೆಯ ಅಂಚು ಆಕಾಶಕ್ಕೆ ಹರಡಿಕೊಳ್ಳುವ ಸಾಧ್ಯತೆ ಜಾಸ್ತಿ.

ಕೆಂಪು ಶರ್ಟಿನವನ ಹತ್ತಿರ ಕಥೆ ಬದಲಾಯಿತು. ಬೇಲಿಯ ಸರಳುಗಳು ಒಂದೇ ಅಂತರದಲ್ಲಿ ನೆಟ್ಟಗೆ ನಿಂತಿದ್ದವು. ಅವನನ್ನು ಅಳಿಸಿದ ಮೇಲೆ ಎರಡು ಸರಳು ನಡುವಿನಲ್ಲಿ ಒಂದಾಗಿದ್ದವು, ಕೆಳಗಿನ ಅಡ್ಡಪಟ್ಟಿ ಒಂದು ಕಡೆ ಮೆಟ್ಟಿಲಿನಂತೆ ಜಾರಿತ್ತು. ಜೂಮ್ ಮಾಡಿದರೆ ಇನ್ನೊಂದು ಗುರುತು. ಫೋಟೋದ ಉಳಿದ ಕಡೆ ಇರುವ ಸಣ್ಣ ಕಾಳು ಕಾಳು ಅಲ್ಲಿ ಇರಲಿಲ್ಲ. ಮೇಣ ಸವರಿದ ಹಾಗೆ ನುಣ್ಣಗಾಗಿತ್ತು.

"ಅದರ ಮೇಲೇ ಇನ್ನೊಂದು ಸಲ ತಿಕ್ಕಿ ನೋಡು" ಅಂದಳು ಅಕ್ಕ. ಎಲ್ಲರೂ ಮಾಡುವುದು ಇದನ್ನೇ. ಆದರೆ ಎರಡನೇ ಸಲಕ್ಕೆ ಫೋನ್ ನೋಡುವ ಅಕ್ಕಪಕ್ಕದಲ್ಲಿ ಆಗಲೇ ಕದಡಿದ ಜಾಗವೂ ಸೇರಿರುತ್ತದೆ. ಕಲೆಯಿಂದಲೇ ಕಲೆ ಹುಟ್ಟುತ್ತದೆ, ಪ್ರತಿ ಸಲ ಇನ್ನಷ್ಟು ಅಗಲವಾಗಿ. ಅನ್‌ಡೂ ಒತ್ತಿ ಮನುಷ್ಯನನ್ನು ವಾಪಸ್ ಕರೆತಂದೆ.

ನಿಜ ಹೇಳಬೇಕೆಂದರೆ ಅವನು ಕಣ್ಣಿಗೆ ಹೊಡೆಯುತ್ತಿದ್ದದ್ದು ಆ ಕೆಂಪಿನಿಂದ. ಇರೇಸರ್‌ನಲ್ಲೇ ಕ್ಯಾಮೊಫ್ಲಾಜ್ ಅಂತ ಇನ್ನೊಂದು ಆಯ್ಕೆ ಇತ್ತು. ಅದು ಅಳಿಸುವುದಿಲ್ಲ, ಬಣ್ಣವನ್ನು ಸುತ್ತಲಿನದಕ್ಕೆ ಹೊಂದಿಸುತ್ತದೆ. ಶರ್ಟು ಮಂಕಾಯಿತು, ಸರಳುಗಳು ನೆಟ್ಟಗೇ ಉಳಿದವು. ಅಲ್ಲೊಬ್ಬ ಇದ್ದಾನೆ ಅಂತ ಹುಡುಕಿದರೆ ಮಾತ್ರ ಗೊತ್ತಾಗುತ್ತದೆ.

ಮೊಣಕೈಯನ್ನು ಅಳಿಸಿದಾಗ ಫೋನಿನ ಪರದೆಯಲ್ಲಿ ಚೆನ್ನಾಗೇ ಕಂಡಿತು. ಅಕ್ಕನಿಗೆ ಖುಷಿ. ನಾನು ಮುಖವೇ ಪರದೆ ತುಂಬುವಷ್ಟು ಜೂಮ್ ಮಾಡಿ, ಫೋಟೋ ಮೇಲೆ ಬೆರಳು ಒತ್ತಿ ಹಿಡಿದು ಮೊದಲಿನದನ್ನು ತೋರಿಸಿದೆ, ಆಮೇಲೆ ಬಿಟ್ಟೆ. ಎಳೆ ಎಳೆಯಾಗಿದ್ದ ಕೂದಲು ಒಂದು ಕಡೆ ಕರಗಿ ಕಂದು ಪಟ್ಟಿಯಾಗಿತ್ತು. ಕಿವಿಯ ಅಂಚು ಸ್ವಲ್ಪ ಒಳಗೆ ಸರಿದಿತ್ತು. ಬೆಂಚಿನ ಹಲಗೆಗೆ ಚರ್ಮದ ಬಣ್ಣ ಹತ್ತಿತ್ತು.

"ಅಯ್ಯೋ, ಕಿವಿ ಏನಾಯ್ತು?"

ಮುಖದ ಹತ್ತಿರ, ಕೂದಲಿನ ತುದಿ, ಬೆರಳು, ಚೌಕಳಿ ಬಟ್ಟೆ, ಇಂಥ ಕಡೆ ನಾನು ಒಂದು ಸಲ ಅಳಿಸಿ ನೋಡುತ್ತೇನೆ, ಅಷ್ಟೇ. ಹುಲ್ಲು ಹೇಗಿದ್ದರೂ ಹುಲ್ಲೇ. ಆದರೆ ಕಿವಿ ಹೇಗಿರಬೇಕು ಅಂತ ಪ್ರತಿಯೊಬ್ಬರಿಗೂ ಗೊತ್ತು, ಅದೂ ಅವಳ ಅಮ್ಮನಿಗೆ!

ಅದನ್ನೂ ಅನ್‌ಡೂ ಮಾಡಿ ಕ್ರಾಪ್‌ಗೆ ಹೋದೆ. ಹೀಗೆ ಕತ್ತರಿಸುವುದನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಇರೇಸರ್‌ಗೆ ಸುತ್ತ ಜಾಗ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ. ಮೊಣಕೈ ಇದ್ದ ಬದಿಯನ್ನು ಕೂದಲಿಗೆ ತಾಗುವಷ್ಟು ಹತ್ತಿರ ತಂದಾಗ ತೋಳೆಲ್ಲ ಹೊರಗೆ ಹೋಯಿತು. ಹುಡುಗಿ ಚೌಕಟ್ಟಿನ ಒಂದು ಬದಿಗೆ ಬಂದಳು, ಅವಳು ನೋಡುತ್ತಿದ್ದ ಕಡೆ ಹುಲ್ಲು, ಮರ ಖಾಲಿಯಾಗಿ ಉಳಿಯಿತು. ಮೊದಲಿಗಿಂತ ಇದೇ ಚೆನ್ನ ಅಂತ ನನಗನ್ನಿಸಿತು. ಮೊಣಕೈಯ ತುದಿ ಮಾತ್ರ ಒಂದು ಚೂರು ಇಣುಕುತ್ತಿತ್ತು. ಅದನ್ನು ಮುಟ್ಟಲಿಲ್ಲ. ಬೇರೆ ಕಾಪಿಯಾಗಿ ಸೇವ್ ಮಾಡಿ, ಪ್ರಿಂಟ್‌ಗೆ ಅದನ್ನೇ ಕೊಡು ಅಂದೆ.