ನೋಟಿಸಿನಲ್ಲಿ ವಾಚ್‌ಮನ್ ಯಾಕೆ ಬೇಕಿತ್ತು?

ಈ ವಾರ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ಒಂದು ನೋಟಿಸು ಬಿತ್ತು: "ವಾಚ್‌ಮನ್ ರಾತ್ರಿ ಮೋಟಾರು ಆಫ್ ಮಾಡದೆ ಸುಟ್ಟುಹಾಕಿದ್ದಾನೆ. ಎರಡು ದಿನ ನೀರು ಬರುವುದಿಲ್ಲ." ಮಧ್ಯಾಹ್ನದೊಳಗೆ ಹಿರಿಯರೊಬ್ಬರು ಗೇಟಿಗೇ ಹೋಗಿ, "ಏನಪ್ಪಾ, ನಿನ್ನಿಂದ ಎರಡು ದಿನ ಸ್ನಾನ ಇಲ್ಲ ನಮಗೆ" ಅಂದರು. ಅವನು ತಲೆ ತಗ್ಗಿಸಿ, "ಸಂಪಲ್ಲಿ ನೀರೇ ಇರಲಿಲ್ಲ ಸಾರ್" ಅಂದ.

ಅವನು ಹೇಳಿದ್ದು ನಿಜ. ನೀರಿಲ್ಲದ ಸಂಪಿನಲ್ಲಿ ಓಡಿದ ಮೋಟಾರು ತಂಪಾಗದೆ ಕಾದು, ವೈಂಡಿಂಗ್ ಸುಡುತ್ತದೆ. ನೀರು ಮುಗಿದಾಗ ತಾನಾಗಿ ನಿಲ್ಲುವ ಸ್ವಿಚ್ಚನ್ನು ಹಾಕಿಸಬೇಕಾದವರು ಸಂಘದವರು. ನಮ್ಮ ಕಾರ್ಯದರ್ಶಿ ಶ್ರಮಜೀವಿ, ಒಳ್ಳೆಯವರು. ಆದರೆ ಸಿಟ್ಟಿನಲ್ಲಿ ಬರೆದರು. ನೀರಿಲ್ಲ ಎಂಬ ಸುದ್ದಿಯ ಜೊತೆಗೆ ತೀರ್ಪನ್ನೂ ಅಂಟಿಸಿದಂತಾಯಿತು.

ಸಂಜೆ ನೋಟಿಸು ಬದಲಾಯಿತು: "ಮೋಟಾರು ಸುಡಲ್ಪಟ್ಟಿದೆ. ಆದ್ದರಿಂದ ನೀರು ಬಿಡಲಾಗುವುದಿಲ್ಲ." ಹೆಸರು ಹೋಯಿತು, ಆದರೆ ಇರಿತ ಹೋಗಲಿಲ್ಲ. 'ಅಲ್ಪಡು' ಸೇರಿಸಿದ ಕರ್ಮಣಿ ಪ್ರಯೋಗದಲ್ಲಿ ಮಾಡಿದವನು ಮರೆಯಾಗುತ್ತಾನೆ, ಇಲ್ಲವಾಗುವುದಿಲ್ಲ. ಅದನ್ನು ಓದಿದವರು "ಯಾರಿಂದ?" ಎಂದು ಕೇಳುತ್ತಾರೆ, ಕಣ್ಣು ಮತ್ತೆ ಗೇಟಿನ ಕಡೆಗೆ ಹೋಗುತ್ತದೆ. 'ಮೋಟಾರನ್ನು ಸುಡಲಾಗಿದೆ' ಎಂದು ಬರೆದಿದ್ದರೆ ಇನ್ನೂ ಕೆಡುತ್ತಿತ್ತು. 'ಲಾಗಿದೆ' ಬಂದರೆ ಯಾರೋ ಬೇಕೆಂದೇ, ಯೋಚಿಸಿಯೇ ಮಾಡಿದ ಕೆಲಸ ಎಂದಾಗುತ್ತದೆ. 'ಬಿಡಲಾಗುವುದಿಲ್ಲ' ಎಂಬುದಕ್ಕೂ ಎರಡು ಅರ್ಥ: ಬಿಡಲು ಸಾಧ್ಯವಿಲ್ಲ ಎಂದೂ ಆಗುತ್ತದೆ, ಬಿಡುವುದಿಲ್ಲ ಎಂದು ತೀರ್ಮಾನಿಸಿದ್ದೇವೆ ಎಂದೂ ಆಗುತ್ತದೆ. ಬಕೆಟ್ ಹಿಡಿದು ನಿಂತವರಿಗೆ ಎರಡನೆಯದೇ ಕೇಳಿಸುತ್ತದೆ.

ಅನಾಹುತ ಹೇಳಲು ಕನ್ನಡದಲ್ಲಿ ಇದಕ್ಕಿಂತ ಹಗುರವಾದ ದಾರಿಯಿದೆ, ಮನೆಯಲ್ಲಿ ದಿನವೂ ಬಳಸುತ್ತೇವೆ. ಲೋಟ ಒಡೆದುಹೋಯಿತು, ಹಾಲು ಕೆಟ್ಟುಹೋಯಿತು, ನನಗೆ ಮರೆತುಹೋಯಿತು. ಇಲ್ಲಿ ಕ್ರಿಯೆ ವಸ್ತುವಿಗೇ ಆಗುತ್ತದೆ. 'ಹೋಯಿತು' ಸೇರಿದಾಗ ಕೈಮೀರಿ ಆಗಿಹೋದದ್ದು ಎಂಬ ಭಾವ ಬರುತ್ತದೆ. ಹಾಲನ್ನು ಕೆಡಿಸಿದರು ಎನ್ನುವಾಗ ಒಬ್ಬರು ಬೇಕೇ ಬೇಕು. ಹಾಲು ಕೆಟ್ಟಿತು ಎನ್ನುವಾಗ ಯಾರೂ ಬೇಕಿಲ್ಲ. ಹಾಗೆಯೇ 'ನಾನು ಮರೆತೆ' ಎನ್ನುವುದರಲ್ಲಿ ಹೊಣೆ ನನ್ನದು, 'ನನಗೆ ಮರೆತುಹೋಯಿತು' ಎನ್ನುವುದರಲ್ಲಿ ಮರೆವು ನನ್ನ ಮೇಲೆ ಬಂದದ್ದು.

ಹಾಗಾದರೆ ಗೋಡೆಯ ಮೇಲೆ ಇಷ್ಟಿದ್ದರೆ ಸಾಕಿತ್ತು: "ಸಂಪಿನ ಮೋಟಾರು ಸುಟ್ಟುಹೋಗಿದೆ. ರಿಪೇರಿಗೆ ಕೊಟ್ಟಿದ್ದೇವೆ, ಗುರುವಾರ ಸಂಜೆ ಸಿಗುತ್ತದೆ. ಅಲ್ಲಿಯವರೆಗೆ ಬೆಳಿಗ್ಗೆ 6ರಿಂದ 8ರವರೆಗೆ ಟ್ಯಾಂಕರ್ ನೀರು ಬಿಡುತ್ತೇವೆ. ತೊಂದರೆಯಾದರೆ ಸಮಿತಿಯ ನಂಬರಿಗೆ ಕರೆ ಮಾಡಿ." ಗಮನಿಸಿ, ಹಾಳಾದದ್ದನ್ನು ಹೇಳುವ ಮೊದಲ ವಾಕ್ಯದಲ್ಲಿ ಮಾತ್ರ ಯಾರೂ ಇಲ್ಲ. ಮುಂದೆ 'ಕೊಟ್ಟಿದ್ದೇವೆ', 'ಬಿಡುತ್ತೇವೆ' ಎಂದು 'ನಾವು' ಬರುತ್ತೇವೆ. ಅಲ್ಲಿಯೂ 'ರಿಪೇರಿ ಮಾಡಿಸಲಾಗುವುದು' ಎಂದು ಬರೆದರೆ, ಮಾಡಿಸುವವರು ಯಾರೂ ಇಲ್ಲ ಎಂದೇ ಜನ ಓದುತ್ತಾರೆ. ಕಾರಣ ಹೇಳಲೇಬೇಕೆಂದರೆ 'ಸಂಪಿನಲ್ಲಿ ನೀರು ಮುಗಿದದ್ದರಿಂದ' ಎನ್ನಬಹುದು. 'ಯಾರೋ ಆಫ್ ಮಾಡದೆ ಬಿಟ್ಟಿದ್ದರಿಂದ' ಎನ್ನಬಾರದು. ಹೆಸರಿಲ್ಲದ ಆ 'ಯಾರೋ' ಇಡೀ ಕಟ್ಟಡದವರನ್ನು ಅನುಮಾನಕ್ಕೆ ಎಳೆಯುತ್ತದೆ.

'ಲಾಗಿದೆ' ಹೊಂದುವುದು ನಿಜವಾದ ತೀರ್ಮಾನಗಳಿಗೆ. ಮುಂದಿನ ತಿಂಗಳು ನಿರ್ವಹಣಾ ಶುಲ್ಕ ಏರಿಸಬೇಕಾದರೆ "ಸಮಿತಿಯ ಸಭೆಯಲ್ಲಿ ಶುಲ್ಕವನ್ನು ಹೆಚ್ಚಿಸಲು ತೀರ್ಮಾನಿಸಲಾಗಿದೆ" ಎಂದು ಬರೆಯಬಹುದು. 'ಸಭೆಯಲ್ಲಿ' ಎಂಬ ಒಂದು ಸಪ್ತಮಿ ವಿಭಕ್ತಿ ಯಾವ ವ್ಯಕ್ತಿಯ ಮೇಲೂ ಬೆರಳು ತೋರಿಸದೆ, ಪ್ರಶ್ನೆ ಕೇಳಬೇಕಾದ ಜಾಗವನ್ನು ತೋರಿಸುತ್ತದೆ. ಆ ಪದ ಬಿಟ್ಟು ಬರೀ 'ಹೆಚ್ಚಿಸಲಾಗಿದೆ' ಎಂದು ಹಾಕಿದರೆ ಜನರ ಕೋಪ ನೋಟಿಸು ಅಂಟಿಸಿದವರ ಮೇಲೆ ಬೀಳುತ್ತದೆ.

ಇದೆಲ್ಲ ಗೋಡೆಯ ನೋಟಿಸಿಗೆ ಮಾತ್ರ. ಸಮಿತಿಯ ನಡಾವಳಿ ಪುಸ್ತಕದಲ್ಲಿ 'ಮೋಟಾರು ಸುಟ್ಟುಹೋಯಿತು' ಎಂದು ಬರೆದು ಮುಗಿಸುವಂತಿಲ್ಲ. ಸ್ವಿಚ್ಚು ಯಾಕಿರಲಿಲ್ಲ, ರಾತ್ರಿ ಸಂಪಿನ ಮಟ್ಟ ನೋಡುವುದು ಯಾರ ಕೆಲಸ, ಅದನ್ನು ಅವರಿಗೆ ಹೇಳಿತ್ತೋ ಇಲ್ಲವೋ ಎಂಬುದನ್ನು ಅಲ್ಲಿ ಹೆಸರು ಹಿಡಿದೇ ಬರೆಯಬೇಕು. ಆ ಪುಟದಲ್ಲಿ ಮೊದಲು ಬರಬೇಕಾದ ಹೆಸರು ವಾಚ್‌ಮನ್‌ದಲ್ಲ.