ಹೆಂಡತಿಗೊಂದು ಪದಬಂಧ: ಇಲ್ಲಿವರೆಗಿನ ಕೆಲಸ

ನಮ್ಮವಳು ಪೇಪರ್ ಬಂದ ಕೂಡಲೇ ಪದಬಂಧದ ಪುಟ ಹುಡುಕುವವಳು. ಮದುವೆ ಹೊಸದರಲ್ಲಿ ಅವಳನ್ನು ರೇಗಿಸೋದು ನನ್ನ ದಿನಚರಿ. ಈಗ ಮಾತೆಲ್ಲ ಗ್ಯಾಸ್, ಹಾಲು, ಕರೆಂಟ್ ಬಿಲ್ ಅಂತಲೇ ಇರುತ್ತದೆ. ಅದಕ್ಕೇ ಅವಳಿಗೊಂದು ತುಂಟ ಸಂದೇಶವನ್ನು ಪದಬಂಧದಲ್ಲೇ ಕಟ್ಟುತ್ತಿದ್ದೇನೆ. ಉತ್ತರಗಳು ಸಾಮಾನ್ಯ ಪದಗಳು, ಕೀಟಲೆಯೆಲ್ಲ ಸುಳಿವುಗಳಲ್ಲಿ.

ಮೊದಲ ಹಂತ
ಅಡ್ಡ ಸಾಲು ಏಳು, ಉದ್ದ ಸಾಲು ಐದು ಇರುವ ಚೌಕ. ಮೇಲೆ ‘ಮಲ್ಲಿಗೆ’. ಅದರ ‘ಗೆ’ಯಿಂದ ‘ಗೆಳತಿ’ ಕೆಳಗಿಳಿಯುತ್ತಾಳೆ. ಅವಳ ‘ತಿ’ಯಲ್ಲೇ ಎಡದಿಂದ ಬಂದ ‘ಹೆಂಡತಿ’ ಮುಗಿಯುತ್ತಾಳೆ. ಇಬ್ಬರೂ ಒಂದೇ ಮನೆಯಲ್ಲಿ! ಇದು ಸಿಕ್ಕಿದ ಖುಷಿಗೆ ಅವತ್ತು ಕೆಲಸ ಅಲ್ಲಿಗೇ ನಿಲ್ಲಿಸಿದೆ.

ಎರಡನೇ ಹಂತ
‘ಜಡೆ’, ‘ಕೊಡೆ’ ಎರಡೂ ಬೇಕೇ ಬೇಕು. ‘ಹೆಂಡತಿ’ಯ ನಡುವಿನ ‘ಡ’ಕ್ಕೆ ಸೇರಿಸೋಣ ಅಂದರೆ ಆಗುವುದಿಲ್ಲ. ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ, ಅದೂ ಗುಣಿತದ ಸಮೇತ. ‘ಡ’ ಬೇರೆ, ‘ಡೆ’ ಬೇರೆ. ಆದರೆ ‘ಡ’ದಿಂದ ‘ಡವಡವ’ ಚೆನ್ನಾಗಿ ಇಳಿಯಿತು. ಸುಳಿವು: “ನೀನು ಬಸ್ಸಿನಿಂದ ಇಳಿಯೋ ಹೊತ್ತಿಗೆ ನನ್ನೆದೆ (4)”.

‘ಜಡೆ’, ‘ಕೊಡೆ’ ತಮ್ಮ ‘ಡೆ’ಯಲ್ಲಿ ಕೂಡಿಕೊಂಡು ಮೂಲೆಯಲ್ಲಿ ಬೇರೆಯಾಗೇ ನಿಂತಿದ್ದವು. ‘ಡವಡವ’ದ ಎರಡನೇ ‘ಡ’ಕ್ಕೆ ‘ಕೊಡಗು’ ಹಾಕಿ, ಅದರ ‘ಕೊ’ಯಿಂದ ‘ಕೊಡೆ’ ಇಳಿಸಿ ನೋಡಿದೆ. ‘ಡೆ’ ಹೋಗಿ ಕೊನೆಯ ‘ವ’ಗೆ ಅಂಟಿಕೊಂಡು ‘ಡೆವ’ ಆಯಿತು. ಪಕ್ಕಪಕ್ಕದ ಮನೆಗಳಲ್ಲಿ ಇಂಥ ಅರ್ಥವಿಲ್ಲದ ಪದ ಹುಟ್ಟಿದರೆ ಚೌಕ ಕೆಟ್ಟಿತು ಅಂತಲೇ ಲೆಕ್ಕ.

ಮೂರನೇ ಹಂತ
ದಾರಿ ಸಿಕ್ಕಿತು: ‘ಕೊಡವ’! ಅದರ ‘ವ’ ‘ಡವಡವ’ದ ಕೊನೆಗೆ ಸರಿಯಾಗಿ ಕೂತಿತು. ‘ಕೊ’ ಆ ‘ವ’ದಿಂದ ಎರಡು ಮನೆ ಎಡಕ್ಕೆ ಬಂತು, ಅಲ್ಲಿಂದ ‘ಕೊಡೆ’ ಯಾರಿಗೂ ತಾಗದೆ ಇಳಿಯಿತು. ಜೊತೆಗೆ ಒಳ್ಳೆ ಸುಳಿವೂ ಬಂತು: “ಗೆಳತಿ ಮದುವೆಗೆ ನೀನು ನಿರಿಗೆ ಹಿಂದಕ್ಕೆ ಹಾಕಿ ಉಟ್ಟ ಸೀರೆಯ ಶೈಲಿ. ಅವತ್ತು ನಾನು ಮದುಮಗಳನ್ನು ನೋಡಲೇ ಇಲ್ಲ (3)”.

ಕೊಡೆಗೆ: “ಇಬ್ಬರಿಗೂ ಒಂದೇ ಇರಲಿ ಅಂತ ನಿನ್ನದನ್ನು ಬೇಕಂತಲೇ ಮನೇಲಿ ಬಿಟ್ಟು ಬರುತ್ತಿದ್ದೆ. ನನಗೆ ಆಗಲೇ ಗೊತ್ತಿತ್ತು ಕಣೇ (2)”.
ಜಡೆಗೆ: “ಕೋಪ ಬಂದು ನೀನು ಗಿರ್ರನೆ ತಿರುಗಿದರೆ ನನಗೆ ಬೀಳುತ್ತಿದ್ದ ಏಟು (2)”.
ಮಲ್ಲಿಗೆಗೆ: “ಒಂದು ಮಾರು ತಂದರೆ ಒಂದು ಮೊಳ ಮುಡಿದು, ಉಳಿದದ್ದನ್ನು ನನ್ನ ಜೇಬಿಗೆ ತುರುಕಿದ್ದೆಯಲ್ಲ, ಅದು (3)”.

ಸುಳಿವು ಬರೆಯುವಾಗ ಒಂದು ವಿಷಯ ನೋಡಿಕೊಂಡೆ. “ನೀನು ಸುಂದರಿ” ಥರದ್ದು ಯಾರಿಗಾದರೂ ಒಪ್ಪುತ್ತದೆ. ನಮ್ಮಿಬ್ಬರಿಗೇ ಗೊತ್ತಿರೋ ಸಂಗತಿ ಇದ್ದರೆ ಮಾತ್ರ ಅವಳು ಪೆನ್ಸಿಲ್ ಕೆಳಗಿಟ್ಟು “ಏನ್ರೀ ಇದು?” ಅಂತ ನನ್ನ ಕಡೆ ನೋಡುತ್ತಾಳೆ. ನನಗೆ ಬೇಕಿರೋದು ಆ ನೋಟ.

ಬಾಕಿ
‘ಗೆಳತಿ’, ‘ಹೆಂಡತಿ’ ಸುಳಿವುಗಳು. ಮೊದಲನೆಯದಕ್ಕೆ “ಮದುವೆಗೆ ಮುಂಚೆ ನೀನು (3)” ಅಂತ ಬರೆದಿದ್ದೇನೆ. ಎರಡನೆಯದಕ್ಕೆ “ಮೇಲಿಂದ ಕೆಳಕ್ಕೆ ಇರುವವಳೇ, ಈಗ ಎಡದಿಂದ ಬಲಕ್ಕೆ (3)”. ಇದು ಇನ್ನೂ ಸ್ವಲ್ಪ ತುಂಟ ಆಗಬೇಕು. ಆಮೇಲೆ ಗ್ರಾಫ್ ಹಾಳೆಗೆ ಇಳಿಸಿ, ಭಾನುವಾರದ ಪೇಪರ್ ಒಳಗೆ ಸೇರಿಸೋದು.