ಗೋಡೆ ಉಂಟಲ್ಲಾ ಟೀಚರೇ

"ಗೋಡೆ ಉಂಟಲ್ಲಾ ಟೀಚರೇ, ಆ ಬದಿಗೂ ಅಡ್ಡಪಟ್ಟಿ ಎಂತಕ್ಕೆ?"

ಭಾನುವಾರ ಆಚಾರಿಯವರು ಕೇಳಿದ ಮಾತಿದು. ಈ ವಾರವಿಡೀ ಇದೇ ನೆನಪಾಗುತ್ತಿದೆ. ಬದಿಯಡ್ಕದ ಕಡೆ ಅವರಷ್ಟು ನೀಟಾಗಿ ಮರ ಕೂಡಿಸುವವರು ಕಡಿಮೆ. ಮಕ್ಕಳ ಕೋಣೆಗೆ ಹಲಸಿನ ಮರದ ಬಂಕ್ ಬೆಡ್ ಮಾಡಿಕೊಟ್ಟಿದ್ದರು. ಮೇಲಿನ ಮಂಚದ ಹೊರಗಿನ ಬದಿಗೆ ಚಂದದ ಅಡ್ಡಪಟ್ಟಿ ಇತ್ತು. ಗೋಡೆಯ ಬದಿ ಮಾತ್ರ ಖಾಲಿ.

ಅವರು ಕೇಳಿದ್ದು ಸಹಜವೇ. ಗೋಡೆಯ ಕಡೆಗೆ ಮಗು ಬೀಳುವುದೆಲ್ಲಿಂದ ಅಂತ ಯಾರಿಗೂ ಅನ್ನಿಸುತ್ತದೆ. ಆದರೆ ಮಂಚ ಗೋಡೆಗೆ ಅಂಟಿ ನಿಲ್ಲುವುದಿಲ್ಲ. ಮಕ್ಕಳು ಹೊರಳಾಡುವಾಗ ಸ್ವಲ್ಪ ಸ್ವಲ್ಪ ಸರಿಯುತ್ತದೆ. ನಡುವೆ ಸಂದು ಬಿದ್ದರೆ ನಿದ್ದೆಯಲ್ಲಿ ಕಾಲು ಮೊದಲು ಜಾರುತ್ತದೆ, ಆಮೇಲೆ ಮೈ. ತಲೆ ಅಲ್ಲೇ ಸಿಕ್ಕಿಬೀಳುತ್ತದೆ. ಮೈ ತೂರುವ ಜಾಗದಲ್ಲಿ ತಲೆ ತೂರುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಅಡ್ಡಪಟ್ಟಿಗಳ ನಡುವಿನ ಸಂದು 3.5 ಇಂಚಿಗಿಂತ ಕಡಿಮೆ ಇರಬೇಕು ಅನ್ನುವುದೂ ಇದಕ್ಕೇ. ಹೇಳಿದಾಗ ಅವರು ಮೌನವಾಗಿ ಕೇಳಿಸಿಕೊಂಡು, ಇನ್ನೊಂದು ಪಟ್ಟಿ ಕೊಯ್ಯಲು ಕೂತರು. ಗೊತ್ತಿಲ್ಲದ್ದನ್ನು ಕೇಳಿದ ಮೇಲೆ ವಾದ ಮಾಡದ ಮನುಷ್ಯ. ಅದು ನನಗೆ ತುಂಬಾ ಇಷ್ಟವಾಯಿತು.

ಹೊರಗಿನ ಅಡ್ಡಪಟ್ಟಿಯ ಲೆಕ್ಕವನ್ನೂ ಹಾಸಿಗೆ ಹಾಕಿಯೇ ನೋಡಿದೆವು. ಹಲಗೆಯಿಂದ ಅಳೆದರೆ 9 ಇಂಚು ಎತ್ತರ. ಸಾಕಲ್ವಾ ಅನ್ನಿಸುತ್ತದೆ. ನಮ್ಮ ತೆಂಗಿನ ನಾರಿನ ಹಾಸಿಗೆ 6 ಇಂಚು ದಪ್ಪ. ಅದನ್ನು ಹಾಕಿದರೆ ತಡೆಗೆ ಉಳಿಯುವುದು ಬರೀ 3 ಇಂಚು. ಮಲಗಿದ ಮಗು ಹೊರಳಿದರೆ ಅದು ಏನೂ ತಡೆಯುವುದಿಲ್ಲ. ಹಾಸಿಗೆಯ ಮೇಲೆ ಕನಿಷ್ಠ 5 ಇಂಚಾದರೂ ತಡೆ ಬೇಕು. ಹಾಗಾಗಿ ಮೇಲಿನದಕ್ಕೆ 4 ಇಂಚಿನ ಹಾಸಿಗೆ ತಂದೆವು. ದಪ್ಪದ್ದು ಕೆಳಗೆ ಹೋಯಿತು.

ಮೇಲೆ ಮಗಳು, ಅವಳಿಗೆ 11. ಕೆಳಗೆ ಮಗ, ಅವನಿಗೆ 5. ನಾನೇ ಮೇಲೆ ಅಂತ ಅತ್ತು ರಂಪ ಮಾಡಿದ. 6 ವರ್ಷ ತುಂಬದವರನ್ನು ಮೇಲೆ ಮಲಗಿಸಬಾರದು. ಎಷ್ಟೇ ಅತ್ತರೂ ಇದರಲ್ಲಿ ಮಾತ್ರ ನಾನು ಬಗ್ಗಲಿಲ್ಲ.

ಏಣಿ ನೆಟ್ಟಗೆ ನಿಂತರೆ ಜಾಗ ಉಳಿಯುತ್ತದೆ ನಿಜ. ಆದರೆ ರಾತ್ರಿ ಅರೆನಿದ್ದೆಯಲ್ಲಿ ಇಳಿಯುವ ಮಗುವಿಗೆ ಕಾಲಿಡಲು ಮೆಟ್ಟಿಲು ಕಾಣುವುದಿಲ್ಲ, ಸುಮ್ನೆ ತಡಕಾಡಬೇಕು. ಸ್ವಲ್ಪ ಓರೆ ಮಾಡಿಸಿ, ದುಂಡು ಕೋಲಿನ ಬದಲು ಅಗಲದ ಚಪ್ಪಟೆ ಮೆಟ್ಟಿಲು ಹಾಕಿಸಿದೆ. ಮೆಟ್ಟಿಲಿನ ಮೇಲ್ಮೈಗೆ ವಾರ್ನಿಶ್ ಬೇಡ ಅಂದೆ. ಮಳೆಗಾಲದ ಒದ್ದೆ ಕಾಲಿಗೆ ಅದು ಜಾರುತ್ತದೆ. ಬದಿಯ ಕಂಬಗಳು ಹಾಸಿಗೆಗಿಂತ ಮೇಲೆ ಬಂದಿವೆ, ಇಳಿಯುವಾಗ ಹಿಡಿಯಲು ಬೇಕು. ಏಣಿ ಕೊಕ್ಕೆಯಲ್ಲಿ ನೇತಾಡುವುದಿಲ್ಲ, ಬೋಲ್ಟ್ ಹಾಕಿ ಬಿಗಿದಿದ್ದಾರೆ. ಮಳೆಗಾಲಕ್ಕೆ ಮರ ಉಬ್ಬಿ, ಬೇಸಿಗೆಗೆ ಒಣಗಿ ಬೋಲ್ಟ್ ಸಡಿಲವಾಗುತ್ತದೆ. ಹತ್ತಿದಾಗ ಕಿರ್ ಅಂತ ಸದ್ದು ಬಂದರೆ ಸ್ಪ್ಯಾನರ್ ಹಿಡಿಯಬೇಕು. ಸೀಲಿಂಗ್ ಫ್ಯಾನ್ ತೆಗೆಸಿ ಎದುರು ಗೋಡೆಗೆ ವಾಲ್ ಫ್ಯಾನ್ ಹಾಕಿಸಿದೆ. ಮೇಲೆ ಎದ್ದು ಕೂತ ಮಗಳು ಕೈ ಎತ್ತಿದರೆ ಎಲ್ಲಿ ತಾಗುತ್ತದೆ ಅಂತ ನೋಡಿದ ಮೇಲೆ ಬೇರೆ ಯೋಚನೆಯೇ ಬರಲಿಲ್ಲ.

ಮಗಳಿಗೆ ಬೇಕಿದ್ದು ಬೇರೆಯೇ. "ಅಮ್ಮಾ, ನಾನು ಓದುವಾಗ ಯಾರಿಗೂ ಕಾಣಬಾರದು." ಅತ್ತೆಗೆ ಇದು ಹಿಡಿಸಲಿಲ್ಲ. ಅವರ ಕಾಲದಲ್ಲಿ ಚಾವಡಿಯಲ್ಲಿ ಸಾಲಾಗಿ ಚಾಪೆ ಹಾಸಿ ಎಲ್ಲರೂ ಮಲಗುತ್ತಿದ್ದರು. ಮಕ್ಕಳಿಗೆ ಎಂಥ ಗುಟ್ಟು ಅಂತ ಕೇಳಿದರು. ಅತ್ತೆಯ ಮೇಲೆ ನನಗೆ ಗೌರವ ಉಂಟು, ಆದರೆ ಇದನ್ನು ಒಪ್ಪಲಾರೆ. ಆ ಸಾಲಿನಲ್ಲಿ ಮಲಗಿದ್ದ ಹೆಣ್ಣುಮಕ್ಕಳು ಬಟ್ಟೆ ಬದಲಿಸಲು, ಅಳಲು, ಒಂದು ಕಾಗದ ಓದಲು ಬಚ್ಚಲುಮನೆಗೇ ಹೋಗಬೇಕಿತ್ತು. ಅವರಿಗೆ ಜಾಗ ಬೇಡವಾಗಿತ್ತು ಅಂತಲ್ಲ, ಬೇಕಾ ಅಂತ ಯಾರೂ ಕೇಳಿರಲಿಲ್ಲ.

ಮಗಳು ದುಪಟ್ಟಾ ಕಟ್ಟಿ ಪರದೆ ಮಾಡುತ್ತೇನೆ ಅಂದಳು. ಅದಕ್ಕೆ ಒಪ್ಪಲಿಲ್ಲ. ಬಂಕ್ ಬೆಡ್‌ಗೆ ದುಪಟ್ಟಾ, ಹಗ್ಗ, ಬೆಲ್ಟ್, ಬ್ಯಾಗಿನ ಪಟ್ಟಿ ಏನನ್ನೂ ಕಟ್ಟಬಾರದು. ಕುತ್ತಿಗೆಗೆ ಸುತ್ತಿಕೊಂಡು ಜಾರಿದರೆ ಉಸಿರು ಕಟ್ಟುತ್ತದೆ. ಬದಲಿಗೆ ಆಚಾರಿಯವರು ಅವಳ ತಲೆಯ ಕಡೆ ಅಡ್ಡಪಟ್ಟಿಯನ್ನೇ ಎತ್ತರಿಸಿ, ಪೂರ್ತಿ ಹಲಗೆ ಮಾಡಿಕೊಟ್ಟರು. ಒಳಗಡೆ ಪುಸ್ತಕ ಇಡಲು ಸಣ್ಣ ಶೆಲ್ಫ್. ಮಲಗಿದರೆ ಕೆಳಗಿನಿಂದ ಅವಳ ಮುಖ ಕಾಣುವುದಿಲ್ಲ.

ಅಕ್ಕನಿಗೆ ಮೂಲೆ ಸಿಕ್ಕಿದ ಮೇಲೆ ತಮ್ಮ ಬಿಡುತ್ತಾನಾ? ಅವನಿಗೆ ಕೆಳಗೆ ಗಟ್ಟಿ ಸರಳಿಗೆ ಗಿಡ್ಡ ಪರದೆ ಹಾಕಿದೆ, ತಲೆಯ ಕಡೆ ಅರ್ಧ ಮಾತ್ರ. ಪೂರ್ತಿ ಮುಚ್ಚಿದರೆ ವಾಲ್ ಫ್ಯಾನಿನ ಗಾಳಿ ಒಳಗೆ ಹೋಗುವುದಿಲ್ಲ, ನಮ್ಮ ಕಾಸರಗೋಡಿನ ಸೆಕೆಗೆ ಅವನು ಬೆವರಿ ಏಳುತ್ತಾನೆ. ಕಾಲಿನ ಕಡೆ ತೆರೆದಿರುವುದರಿಂದ ಹೊದಿಕೆ ಒದ್ದಿದ್ದಾನಾ ಅಂತ ಬಾಗಿಲಿನಿಂದಲೇ ನೋಡಬಹುದು.